ಕಾಮನ್ ಏರಿಯಾ ಸೋಲಾರ್: ಅಸೋಸಿಯೇಷನ್ ಸಭೆಯಲ್ಲಿ ಲೆಕ್ಕ ಹೇಗೆ ಮಂಡಿಸೋದು?

ಪ್ರಶ್ನೆ: ಸರ್, ಬೆಂಗಳೂರಿನಲ್ಲಿ ನಮ್ಮದು 60 ಮನೆಗಳ ಅಪಾರ್ಟ್‌ಮೆಂಟ್. ಲಿಫ್ಟ್, ಪಂಪ್, ಕೊಳಚೆ ನೀರು ಶುದ್ಧ ಮಾಡೋ ಎಸ್‌ಟಿಪಿ, ಕಾರಿಡಾರ್ ದೀಪ ಎಲ್ಲಾ ಸೇರಿ ಕಾಮನ್ ಮೀಟರ್‌ನಲ್ಲಿ ತಿಂಗಳಿಗೆ 3,200 ಯೂನಿಟ್ ಓಡುತ್ತೆ, ಬಿಲ್ 25 ಸಾವಿರ ದಾಟುತ್ತೆ. ಮಂಜೂರಾದ ಲೋಡ್ 30 ಕಿಲೋವ್ಯಾಟ್. ಟೆರೇಸ್ ದೊಡ್ಡದಿದೆ, 50 ಕಿಲೋವ್ಯಾಟ್ ಸೋಲಾರ್ ಹಾಕಿ, 4 ವರ್ಷಕ್ಕೆ ದುಡ್ಡು ವಾಪಸ್ ಅಂತ ಒಬ್ಬ ವೆಂಡರ್ ಹೇಳಿದ್ದಾರೆ. ಕಾರ್ಪಸ್ ಫಂಡ್‌ನಲ್ಲಿ 20 ಲಕ್ಷ ಇದೆ. ಮುಂದಿನ ತಿಂಗಳ ವಾರ್ಷಿಕ ಸಭೆಯಲ್ಲಿ ನಾನೇ ಮಾತಾಡಬೇಕು. ಏನು ಹೇಳಲಿ, ಯಾವ ಅಂಕಿ ಇಡಲಿ?

ಉತ್ತರ: ಆ 4 ವರ್ಷದ ಮಾತನ್ನು ಸಭೆಗೆ ಒಯ್ಯಬೇಡಿ. ನಿಮ್ಮ ಅಪಾರ್ಟ್‌ಮೆಂಟ್‌ನಲ್ಲಿ ಬ್ಯಾಂಕಿನವರೋ, ಆಡಿಟ್ ಗೊತ್ತಿರುವವರೋ ಒಬ್ಬರಾದರೂ ಇದ್ದೇ ಇರ್ತಾರೆ. ಅವರು ಎದ್ದು ನಿಂತು ಎರಡು ಪ್ರಶ್ನೆ ಕೇಳಿದರೆ ಆ ಲೆಕ್ಕ ಅಲ್ಲೇ ಬಿದ್ದುಹೋಗುತ್ತೆ, ಅದರ ಜೊತೆಗೆ ಸೋಲಾರ್ ಪ್ರಸ್ತಾವವೂ ಬಿದ್ದುಹೋಗುತ್ತೆ. ನಿಮಗೆ ಬೇಕಿರುವುದು 20 ಕಿಲೋವ್ಯಾಟ್, 6 ವರ್ಷ. ಕೇಳೋಕೆ ಅಷ್ಟು ಚೆನ್ನಾಗಿಲ್ಲ, ಆದರೆ ಯಾರು ಎಷ್ಟು ಕೆದಕಿದರೂ ನಿಲ್ಲುವ ಅಂಕಿ ಇದು. ಹೇಗೆ ಅಂತ ನೋಡೋಣ.

ವೆಂಡರ್ 4 ವರ್ಷಕ್ಕೆ ಹೇಗೆ ಬಂದಿರಬಹುದು? ಒಂದು ಕಿಲೋವ್ಯಾಟ್‌ಗೆ ದಿನಕ್ಕೆ 5 ಯೂನಿಟ್, ವರ್ಷಪೂರ್ತಿ. ಅಂದರೆ 50 ಕಿಲೋವ್ಯಾಟ್‌ಗೆ ವರ್ಷಕ್ಕೆ 91,250 ಯೂನಿಟ್. ಪ್ರತಿ ಯೂನಿಟ್‌ಗೂ 6 ರೂಪಾಯಿ ಹಿಡಿದರೆ ಸುಮಾರು ಐದೂವರೆ ಲಕ್ಷ. ಖರ್ಚು 30 ಲಕ್ಷ, ಸಬ್ಸಿಡಿ 9 ಲಕ್ಷ ಕಳೆದರೆ 21 ಲಕ್ಷ. ಭಾಗಿಸಿದರೆ 4 ವರ್ಷದೊಳಗೇ ಬರುತ್ತೆ. ಕಾಗದದ ಮೇಲೆ ತಪ್ಪೇ ಕಾಣಲ್ಲ. ಆದರೆ ಎರಡು ಕಡೆ ಎಡವಿದೆ.

ಮೊದಲನೆಯದು ಉತ್ಪಾದನೆ. ಬೆಂಗಳೂರಿನಲ್ಲಿ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಕಿಲೋವ್ಯಾಟ್‌ಗೆ ದಿನಕ್ಕೆ 5 ಯೂನಿಟ್ ಹತ್ತಿರ ಬರೋದು ನಿಜ. ಜೂನ್, ಜುಲೈ, ಆಗಸ್ಟ್‌ನಲ್ಲಿ ಮೋಡ ಕವಿದಾಗ ಅದು 3ಕ್ಕೆ ಇಳಿಯುತ್ತೆ. ಧೂಳು, ನೆರಳು, ಬಿಸಿಗೆ ಪ್ಯಾನೆಲ್ ಕಡಿಮೆ ಕೊಡೋದು, ಇವನ್ನೆಲ್ಲಾ ಸೇರಿಸಿ ವರ್ಷಕ್ಕೆ ಕಿಲೋವ್ಯಾಟ್‌ಗೆ 1,350 ಯೂನಿಟ್ ಅಂತ ಹಿಡಿಯಿರಿ. ಒಳ್ಳೆಯ ಟೆರೇಸ್‌ನಲ್ಲಿ 1,400 ದಾಟಬಹುದು, ದಾಟಿದರೆ ಸಂತೋಷ. ಸಭೆಯಲ್ಲಿ ಕೊಡೋ ಮಾತು ಮಾತ್ರ 1,350ರದ್ದೇ ಇರಲಿ.

ಎರಡನೆಯದು ಇನ್ನೂ ದೊಡ್ಡದು. ನೀವು ಬಳಸೋದೇ ವರ್ಷಕ್ಕೆ 38,400 ಯೂನಿಟ್. 50 ಕಿಲೋವ್ಯಾಟ್ ಹಾಕಿದರೆ 67,500 ಯೂನಿಟ್ ಬರುತ್ತೆ. ಉಳಿದ 29,100 ಯೂನಿಟ್ ಬೆಸ್ಕಾಂ ಗ್ರಿಡ್‌ಗೆ ಹೋಗುತ್ತೆ. ನೆಟ್ ಮೀಟರಿಂಗ್‌ನಲ್ಲಿ ನೀವು ತಿಂಗಳೊಳಗೆ ಕಳಿಸಿದ ಯೂನಿಟ್ ನೀವು ತಗೊಂಡ ಯೂನಿಟ್‌ಗೆ ವಜಾ ಆಗುತ್ತೆ. ಅಲ್ಲಿಯವರೆಗೆ ಪ್ರತಿ ಯೂನಿಟ್‌ಗೂ ಪೂರ್ತಿ ಬೆಲೆ ಸಿಕ್ಕಂತೆ. ಅದನ್ನು ಮೀರಿ ಹೋದ ಯೂನಿಟ್‌ಗೆ ಬೆಸ್ಕಾಂ ಕೊಡೋ ದರ ನೀವು ಕಟ್ಟೋ ದರದ ಅರ್ಧವೂ ಇರಲ್ಲ. ಆ ದರ ನಿಮ್ಮ ಒಪ್ಪಂದದಲ್ಲಿ ಬರೆದಿರುತ್ತೆ, ಇಲ್ಲಿ ಲೆಕ್ಕಕ್ಕೆ ಎರಡೂವರೆ ರೂಪಾಯಿ ಅಂತ ಇಟ್ಟುಕೊಳ್ಳೋಣ. ಜೊತೆಗೆ ಮಂಜೂರಾದ ಲೋಡ್ 30 ಇದ್ದು ಸೋಲಾರ್ 50 ಹಾಕಬೇಕಾದರೆ ಲೋಡ್ ಏರಿಸಬೇಕಾಗಿ ಬರುತ್ತೆ. 2025–26ರ ದರದಲ್ಲಿ ನಿಗದಿತ ಶುಲ್ಕ ಕಿಲೋವ್ಯಾಟ್‌ಗೆ ತಿಂಗಳಿಗೆ 145 ರೂಪಾಯಿ. 20 ಕಿಲೋವ್ಯಾಟ್ ಜಾಸ್ತಿ ಅಂದರೆ ವರ್ಷಕ್ಕೆ 34,800 ರೂಪಾಯಿ ಸುಮ್ನೆ ಹೋಗುತ್ತೆ. ಇದನ್ನೂ, ತೊಳೆಯೋ ಖರ್ಚನ್ನೂ, ಇನ್ವರ್ಟರ್‌ಗೆ ತೆಗೆದಿಡೋ ದುಡ್ಡನ್ನೂ ಕಳೆದು ನಾನು ಲೆಕ್ಕ ಹಾಕಿದರೆ 50 ಕಿಲೋವ್ಯಾಟ್‌ನ ದುಡ್ಡು ವಾಪಸ್ ಬರೋಕೆ 10 ವರ್ಷ ಬೇಕು. ಟೆರೇಸ್ ನೋಡಿ ಸೋಲಾರ್ ಅಳತೆ ಮಾಡಿದರೆ ಹೀಗೇ ಆಗೋದು. ಬಿಲ್ ನೋಡಿ ಅಳತೆ ಮಾಡಬೇಕು.

ಹಾಗಾದರೆ 20 ಯಾಕೆ? ಬಿಸಿಲು ಜೋರಾಗಿರೋ ಮಾರ್ಚ್‌ನಲ್ಲೂ 20 ಕಿಲೋವ್ಯಾಟ್ ಘಟಕ 2,900 ಯೂನಿಟ್ ಆಸುಪಾಸು ಕೊಡುತ್ತೆ. ನಿಮ್ಮ ಬಳಕೆ 3,200. ಅಂದರೆ ವರ್ಷದ ಯಾವ ತಿಂಗಳಲ್ಲೂ ಒಂದು ಯೂನಿಟ್ ಕೂಡ ಕಡಿಮೆ ಬೆಲೆಗೆ ಹೋಗಲ್ಲ. 25 ಹಾಕಿದರೆ ಬೇಸಿಗೆಯ ಎರಡು ಮೂರು ತಿಂಗಳು ಸ್ವಲ್ಪ ಸೋರುತ್ತೆ, ಅದು ದೊಡ್ಡ ನಷ್ಟವಲ್ಲ. ಮುಂದೆ ಕಾಮನ್ ಇವಿ ಚಾರ್ಜರ್ ಹಾಕೋ ಯೋಚನೆ ಇದ್ದರೆ 25 ಸರಿ. ಇಲ್ಲದಿದ್ದರೆ 20ರಲ್ಲಿ ನಿಲ್ಲಿಸಿ.

ಈಗ ಒಂದು ಯೂನಿಟ್ ಉಳಿದರೆ ನಿಜವಾಗಿ ಎಷ್ಟು ಉಳಿಯುತ್ತೆ ಅನ್ನೋದು. ಸಭೆಗೆ ಹೋಗುವ ಮುಂಚೆ ಕಾಮನ್ ಮೀಟರ್‌ನ ಬಿಲ್ ಕೈಯಲ್ಲಿ ಹಿಡಿದು ಸಾಲು ಸಾಲಾಗಿ ಓದಿ. ನಿಮ್ಮಂಥ ಮೀಟರ್ ಗೃಹಬಳಕೆ ವರ್ಗದಲ್ಲಿದ್ದರೆ 2025–26ರಲ್ಲಿ ಯೂನಿಟ್‌ಗೆ 5.80 ರೂಪಾಯಿ. ಅದರ ಮೇಲೆ ನೌಕರರ ಪಿಂಚಣಿ ಮತ್ತು ಗ್ರಾಚ್ಯುಟಿಗಾಗಿ 36 ಪೈಸೆ ಸರ್‌ಚಾರ್ಜ್. ತೆರಿಗೆ ಶೇ 9, ಅಂದರೆ 52 ಪೈಸೆ. ಒಟ್ಟು 6.68. ಇಂಧನ ಹೊಂದಾಣಿಕೆ ಶುಲ್ಕ ತಿಂಗಳಿಂದ ತಿಂಗಳಿಗೆ ಏರಿಳಿಯೋದರಿಂದ ಅದನ್ನು ಬಿಟ್ಟುಬಿಡಿ. ನಾನು 6.50 ಅಂತ ಇಳಿಸಿಯೇ ಹಿಡಿಯುತ್ತೇನೆ. ಬಿಲ್ಲಿನ ಒಟ್ಟು ಮೊತ್ತವನ್ನು ಯೂನಿಟ್‌ನಿಂದ ಭಾಗಿಸಿ ಎಂಟು ರೂಪಾಯಿ ಅಂತ ಹೇಳುವವರಿದ್ದಾರೆ. ಹಾಗೆ ಮಾಡಬಾರದು. ಅದರಲ್ಲಿ ನಿಗದಿತ ಶುಲ್ಕ ಸೇರಿರುತ್ತೆ. 30 ಕಿಲೋವ್ಯಾಟ್‌ಗೆ ತಿಂಗಳಿಗೆ 4,350 ರೂಪಾಯಿ, ಸೋಲಾರ್ ಬಂದರೂ ಅದು ಒಂದು ಪೈಸೆಯೂ ಇಳಿಯಲ್ಲ. "ಬಿಲ್ ಸೊನ್ನೆ ಆಗುತ್ತೆ" ಅನ್ನೋ ಮಾತು ನಿಮ್ಮ ಬಾಯಿಂದ ಬರಲೇಬಾರದು.

ಮಾತಾಡುವಾಗ ಮೊದಲು ಬಿಲ್ಲನ್ನೇ ತೋರಿಸಿ. ಹವಾಮಾನ, ಪರಿಸರ ಎಲ್ಲಾ ಜನಕ್ಕೆ ಗೊತ್ತು. ಅವರು ಕಾಯ್ತಾ ಇರೋದು "ನನ್ನ ಮೆಂಟೆನೆನ್ಸ್ ಎಷ್ಟು ಕಡಿಮೆ ಆಗುತ್ತೆ" ಅನ್ನೋದಕ್ಕೆ. ಐದು ನಿಮಿಷ ಸಾಕು. ನಾನಾಗಿದ್ದರೆ ಹೀಗೆ ಹೇಳುತ್ತಿದ್ದೆ:

"ಎಲ್ಲರಿಗೂ ನಮಸ್ಕಾರ. ನಿಮ್ಮ ಕೈಯಲ್ಲಿರೋದು ಕಳೆದ ತಿಂಗಳ ನಮ್ಮ ಕಾಮನ್ ಮೀಟರ್ ಬಿಲ್. 3,200 ಯೂನಿಟ್, 25 ಸಾವಿರದ ಮೇಲೆ. ಎಸ್‌ಟಿಪಿಯ ಬ್ಲೋವರ್ ನಿಲ್ಲಿಸೋ ಹಾಗಿಲ್ಲ. ಪಂಪ್ ನಿಲ್ಲಿಸೋ ಹಾಗಿಲ್ಲ, ಲಿಫ್ಟ್ ನಿಲ್ಲಿಸೋ ಹಾಗಿಲ್ಲ. ದೀಪಗಳನ್ನು ಆಗಲೇ ಎಲ್‌ಇಡಿ ಮಾಡಿದ್ದೇವೆ. ಹಾಗಾಗಿ ನಾನು ಕೇಳ್ತಾ ಇರೋದು ಟೆರೇಸ್‌ನ ಒಂದು ಭಾಗದಲ್ಲಿ 20 ಕಿಲೋವ್ಯಾಟ್ ಸೋಲಾರ್.

ಒಟ್ಟು ಖರ್ಚು ಅಂದಾಜು 12 ಲಕ್ಷ. ಕೇಂದ್ರದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ ನಮ್ಮಂಥ ಅಸೋಸಿಯೇಷನ್‌ಗೆ ಕಾಮನ್ ಬಳಕೆಗಾಗಿ ಕಿಲೋವ್ಯಾಟ್‌ಗೆ 18 ಸಾವಿರ ಸಬ್ಸಿಡಿ ಇದೆ. ನಮಗೆ 3 ಲಕ್ಷ 60 ಸಾವಿರ. ಅದು ಬಂದ ಮೇಲೆ ನಮ್ಮ ಕೈಯಿಂದ ಹೋಗೋದು 8 ಲಕ್ಷ 40 ಸಾವಿರ, ಮನೆಗೆ 14 ಸಾವಿರ. ಆದರೆ ಸಬ್ಸಿಡಿ ಕೆಲಸ ಮುಗಿದ ಮೇಲೆ ಬರೋದು. ಮೊದಲು 12 ಲಕ್ಷವನ್ನೂ ನಾವೇ ಕಾರ್ಪಸ್‌ನಿಂದ ಹಾಕಬೇಕು.

ವರ್ಷಕ್ಕೆ 27 ಸಾವಿರ ಯೂನಿಟ್ ಬರುತ್ತೆ. ಆರೂವರೆ ರೂಪಾಯಿಯಂತೆ 1 ಲಕ್ಷ 75 ಸಾವಿರ ಉಳಿತಾಯ. ಇದರಲ್ಲಿ ತೊಳೆಯೋದಕ್ಕೆ, ನೋಡಿಕೊಳ್ಳೋದಕ್ಕೆ 20 ಸಾವಿರ ತೆಗೆಯಿರಿ. ಇನ್ವರ್ಟರ್ ಹತ್ತು ವರ್ಷದ ಸುಮಾರಿಗೆ ಬದಲಿಸಬೇಕಾಗಬಹುದು, ಅದಕ್ಕೆ ವರ್ಷಕ್ಕೆ 12 ಸಾವಿರ ಬೇರೆ ಇಡೋಣ. ಉಳಿಯೋದು 1 ಲಕ್ಷ 43 ಸಾವಿರ. ಹೀಗೆ ಹೋದರೆ 6 ವರ್ಷದಲ್ಲಿ ಹಾಕಿದ ದುಡ್ಡು ವಾಪಸ್. ಸಬ್ಸಿಡಿ ಬರಲೇ ಇಲ್ಲ ಅಂದುಕೊಳ್ಳಿ, ಆಗ 8 ವರ್ಷ 4 ತಿಂಗಳು. ಪ್ಯಾನೆಲ್‌ಗೆ 25 ವರ್ಷದ ಉತ್ಪಾದನಾ ವಾರಂಟಿ ಇರುತ್ತೆ.

ಮನೆಗೆ ತಿಂಗಳಿಗೆ 200 ರೂಪಾಯಿ ಉಳಿತಾಯ. ದೊಡ್ಡ ಮೊತ್ತ ಅಂತ ನಾನು ಹೇಳಲ್ಲ. ಆದರೆ ಇದಕ್ಕಾಗಿ ಯಾರ ಮನೆಯಿಂದಲೂ ಹೊಸದಾಗಿ ದುಡ್ಡು ಕೇಳ್ತಾ ಇಲ್ಲ, ಕಾರ್ಪಸ್‌ನಲ್ಲಿ ಇದಾದ ಮೇಲೂ 8 ಲಕ್ಷ ಉಳಿಯುತ್ತೆ, ಸಬ್ಸಿಡಿ ಬಂದರೆ 11 ಲಕ್ಷ 60 ಸಾವಿರ."

ಇಷ್ಟೇ ಭಾಷಣ. 200 ರೂಪಾಯಿ ಅನ್ನೋದನ್ನು ಮುಚ್ಚಿಡಬೇಡಿ, ಯಾರಾದರೂ ಮೊಬೈಲ್‌ನಲ್ಲಿ ಭಾಗಿಸಿ ಹೇಳುವ ಮುಂಚೆ ನೀವೇ ಹೇಳಿಬಿಡಿ. ಖರ್ಚಿನ 12 ಲಕ್ಷ ಮಾತ್ರ ನಾನು ಕಿಲೋವ್ಯಾಟ್‌ಗೆ 60 ಸಾವಿರದಂತೆ ಹಿಡಿದ ಅಂದಾಜು. ಕೊಟೇಶನ್ ಬಂದ ಮೇಲೆ ನಿಮ್ಮ ಅಂಕಿ ಹಾಕಿ. ಸಬ್ಸಿಡಿ ಬೇಕಿದ್ದರೆ ದೇಶದಲ್ಲೇ ತಯಾರಾದ ಸೆಲ್ ಇರೋ ಡಿಸಿಆರ್ ಪ್ಯಾನೆಲ್‌ಗಳನ್ನೇ ಹಾಕಬೇಕು, ಅವು ಸ್ವಲ್ಪ ದುಬಾರಿ. ಕೊಟೇಶನ್‌ನಲ್ಲಿ ಡಿಸಿಆರ್ ಅಂತ ಬರೆದಿದೆಯಾ ನೋಡಿ. ಬರೆಯದ ಕೊಟೇಶನ್ ಅಗ್ಗವಾಗಿ ಕಾಣುತ್ತೆ, ಆದರೆ ಸಬ್ಸಿಡಿ ಕೈತಪ್ಪುತ್ತೆ.

ಈಗ ಎದುರಿನಿಂದ ಬರೋ ಪ್ರಶ್ನೆಗಳು. ಲೆಕ್ಕ ಗೊತ್ತಿರುವವರು ಖಂಡಿತ ಕೇಳೋದು: "ಆ 8 ಲಕ್ಷ 40 ಸಾವಿರ ಎಫ್‌ಡಿಯಲ್ಲಿ ಇದ್ದರೆ ಶೇ 7ರಂತೆ ವರ್ಷಕ್ಕೆ 58 ಸಾವಿರ ಬಡ್ಡಿ ಬರ್ತಿತ್ತಲ್ಲ, ಅದನ್ನು ಯಾಕೆ ಲೆಕ್ಕಕ್ಕೆ ಹಿಡಿದಿಲ್ಲ?" ಇದು ನ್ಯಾಯವಾದ ಪ್ರಶ್ನೆ. ಹೋಗೋ ಬಡ್ಡಿಯನ್ನೂ ಸೇರಿಸಿದರೆ ದುಡ್ಡು ವಾಪಸ್ ಬರೋಕೆ 8 ವರ್ಷದ ಹತ್ತಿರ ಆಗುತ್ತೆ ಅಂತ ನೇರವಾಗಿ ಹೇಳಿ. ಎಫ್‌ಡಿಯಲ್ಲಿ ಅಸಲು ಹಾಗೇ ಇರುತ್ತೆ, ಪ್ಯಾನೆಲ್‌ನಲ್ಲಿ ಅಸಲು ಕರಗುತ್ತೆ, ಅದಕ್ಕೇ ಈ ವ್ಯತ್ಯಾಸ. ಆದರೂ 8 ವರ್ಷದ ನಂತರ ಇನ್ನೂ 15 ವರ್ಷಕ್ಕಿಂತ ಹೆಚ್ಚು ಕಾಲ ಘಟಕ ಓಡುತ್ತೆ. ಪ್ಯಾನೆಲ್‌ನ ಶಕ್ತಿ ವರ್ಷಕ್ಕೆ ಅರ್ಧ ಪರ್ಸೆಂಟ್‌ನಷ್ಟು ಕುಗ್ಗುತ್ತೆ. ಅದು 6 ವರ್ಷದ ಲೆಕ್ಕವನ್ನು ಒಂದೆರಡು ತಿಂಗಳಷ್ಟೇ ಅಲುಗಾಡಿಸೋದು.

"ಕರೆಂಟ್ ಹೋದಾಗ ಲಿಫ್ಟ್ ಓಡುತ್ತಾ?" ಇಲ್ಲ. ಬ್ಯಾಟರಿ ಇಲ್ಲದ ಗ್ರಿಡ್ ಸೋಲಾರ್, ಬೆಸ್ಕಾಂ ಲೈನ್ ಹೋದ ತಕ್ಷಣ ತಾನೂ ನಿಲ್ಲುತ್ತೆ. ಲೈನ್ ರಿಪೇರಿ ಮಾಡ್ತಿರೋ ಲೈನ್‌ಮ್ಯಾನ್‌ಗೆ ನಮ್ಮ ಟೆರೇಸ್‌ನಿಂದ ಶಾಕ್ ಹೊಡೆಯಬಾರದು ಅಂತ ಹಾಗೆ ಮಾಡಿರೋದು. ಲಿಫ್ಟ್ ಎಂದಿನಂತೆ ಡಿಜಿ, ಅಂದರೆ ಡೀಸೆಲ್ ಜನರೇಟರ್ ಮೇಲೇ ಓಡಬೇಕು. ಇಲ್ಲಿ ಒಂದು ಸೂಕ್ಷ್ಮ ಇದೆ, ಇದನ್ನು ವೆಂಡರ್‌ಗೆ ನೀವೇ ಕೇಳಬೇಕು. ಡಿಜಿ ಓಡೋವಾಗ ಇನ್ವರ್ಟರ್ ಅದನ್ನೇ ಗ್ರಿಡ್ ಅಂದುಕೊಂಡು ಕರೆಂಟ್ ತುಂಬಿಸೋಕೆ ಶುರು ಮಾಡಿದರೆ, ಕಟ್ಟಡದ ಬಳಕೆ ಕಡಿಮೆ ಇರೋ ಹೊತ್ತಿನಲ್ಲಿ ಕರೆಂಟ್ ಜನರೇಟರ್‌ಗೇ ವಾಪಸ್ ನುಗ್ಗುತ್ತೆ. ಆಲ್ಟರ್ನೇಟರ್ ಹಾಳಾಗಬಹುದು. ಹಾಗಾಗದಂತೆ ಒಂದೋ ಡಿಜಿ ಓಡೋವಾಗ ಸೋಲಾರ್ ಕಟ್ ಆಗೋ ಕಾಂಟ್ಯಾಕ್ಟರ್ ಹಾಕಿಸಿ, ಇಲ್ಲಾ ಬಳಕೆಗೆ ತಕ್ಕಂತೆ ಸೋಲಾರ್ ಉತ್ಪಾದನೆ ಇಳಿಸೋ ಡಿಜಿ ಸಿಂಕ್ ಕಂಟ್ರೋಲರ್ ಹಾಕಿಸಿ. ಕಟ್ಟಡಕ್ಕೆ ಮೊದಲನೆಯದೇ ಅಗ್ಗ, ಸಾಕು ಕೂಡ. ಕೊಟೇಶನ್‌ನಲ್ಲಿ ಎರಡೂ ಕಾಣದಿದ್ದರೆ ಆ ವೆಂಡರ್ ನಿಮ್ಮ ಕಟ್ಟಡದ ಕರೆಂಟ್ ಬೋರ್ಡ್ ತೆರೆದು ನೋಡಿಯೇ ಇಲ್ಲ ಅಂತ ಅರ್ಥ.

ಮೇಲಿನ ಮಹಡಿಯವರ ಚಿಂತೆ ಬೇರೆ. ಟೆರೇಸ್ ಕೊರೆದು ಸೋರೋಕೆ ಶುರುವಾದರೆ ಅನುಭವಿಸೋರು ಅವರು. ಅವರಿಗೆ ಭರವಸೆ ಸಾಲಲ್ಲ, ಕೆಲಸದ ವಿಧಾನವನ್ನೇ ಹೇಳಿ. ಕಂಬಗಳು ಸ್ಲ್ಯಾಬ್ ಕೊರೆದು ನಿಲ್ಲಬಾರದು. ಸ್ಲ್ಯಾಬ್ ಮೇಲೆ ಕಾಂಕ್ರೀಟ್ ಪೀಠ ಹಾಕಿ ಅದರ ಮೇಲೆ ಗ್ಯಾಲ್ವನೈಸ್ಡ್ ಕಂಬ ನಿಲ್ಲಿಸಬೇಕು. ಗಾಳಿಗೆ ಹಾರದಷ್ಟು ಭಾರ ಪೀಠಕ್ಕಿದೆಯಾ, ಆ ಭಾರ ಸ್ಲ್ಯಾಬ್ ತಾಳುತ್ತಾ ಅಂತ ಸ್ಟ್ರಕ್ಚರಲ್ ಎಂಜಿನಿಯರ್ ಸಹಿ ಬೇಕು. ವಾಟರ್‌ಪ್ರೂಫಿಂಗ್ ಮಾಡಿಸೋದು ಬಾಕಿ ಇದ್ದರೆ ಅದು ಮೊದಲು, ಸೋಲಾರ್ ಆಮೇಲೆ. ಪ್ಯಾನೆಲ್ ನಿಂತ ಮೇಲೆ ಅದರ ಕೆಳಗೆ ವಾಟರ್‌ಪ್ರೂಫಿಂಗ್ ಮಾಡಿಸೋದು ದುಪ್ಪಟ್ಟು ಕಷ್ಟ. ಎಂಟು ಅಡಿ ಎತ್ತರದ ಸ್ಟ್ರಕ್ಚರ್ ಹಾಕಿಸಿದರೆ ಕೆಳಗೆ ಬಟ್ಟೆ ಒಣಗಿಸಬಹುದು, ಸಂಕ್ರಾಂತಿಗೋ ಹುಟ್ಟುಹಬ್ಬಕ್ಕೋ ಶಾಮಿಯಾನ ಇಲ್ಲದೇ ಕೂರಬಹುದು. ಟೆರೇಸ್ ಹೋಯ್ತು ಅನ್ನೋ ತಕರಾರು ಅಲ್ಲಿಗೆ ಮುಗಿಯುತ್ತೆ. 20 ಕಿಲೋವ್ಯಾಟ್‌ಗೆ ಪ್ಯಾನೆಲ್‌ಗಳ ನಡುವಿನ ಜಾಗ ಸೇರಿ 2,000 ಚದರ ಅಡಿ ಆಸುಪಾಸು ಬೇಕು.

ಆ 2,000 ಚದರ ಅಡಿ ಎಲ್ಲಿ ಅನ್ನೋದನ್ನು ಸಭೆಗೆ ಮುಂಚೆಯೇ ನೀವೇ ನೋಡಿ ಬನ್ನಿ. ಓವರ್‌ಹೆಡ್ ಟ್ಯಾಂಕ್, ಲಿಫ್ಟ್ ರೂಮ್, ಮೆಟ್ಟಿಲಿನ ಕೋಣೆ, ಪಕ್ಕದ ಎತ್ತರದ ಕಟ್ಟಡ, ಇವೇ ಶತ್ರುಗಳು. ಸೀಮೆಸುಣ್ಣ ಹಿಡಿದು ಬಿಸಿಲಿರೋ ದಿನ ಬೆಳಿಗ್ಗೆ ಒಂಬತ್ತಕ್ಕೆ ಟ್ಯಾಂಕ್‌ನ ನೆರಳಿನ ಅಂಚನ್ನು ಗುರುತು ಮಾಡಿ. ಮಧ್ಯಾಹ್ನ ಹನ್ನೆರಡಕ್ಕೆ ಒಮ್ಮೆ, ಮೂರು ಗಂಟೆಗೆ ಇನ್ನೊಮ್ಮೆ. ಗೆರೆಗಳ ಒಳಗೆ ಬಂದ ಜಾಗವನ್ನು ಬಿಟ್ಟುಬಿಡಿ. ಡಿಸೆಂಬರ್‌ನಲ್ಲಿ ಮಾಡಿದರೆ ಇನ್ನೂ ಒಳ್ಳೆಯದು, ಆಗ ಸೂರ್ಯ ದಕ್ಷಿಣಕ್ಕೆ ವಾಲಿರ್ತಾನೆ, ಟ್ಯಾಂಕ್‌ನ ನೆರಳು ಉತ್ತರಕ್ಕೆ ಉದ್ದ ಚಾಚುತ್ತೆ. ಬೇಸಿಗೆಯಲ್ಲಿ ನೋಡಿ ಜಾಗ ಗೊತ್ತುಮಾಡಿದರೆ ಈ ನೆರಳು ಕಣ್ಣಿಗೇ ಬೀಳಲ್ಲ. ಪ್ಯಾನೆಲ್‌ಗಳನ್ನು ಸಾಲಾಗಿ ಜೋಡಿಸಿರ್ತಾರೆ, ಒಂದು ಪ್ಯಾನೆಲ್ ಮೇಲೆ ನೆರಳು ಬಿದ್ದರೂ ಆ ಸಾಲಿನ ಉತ್ಪಾದನೆಯೇ ಕುಸಿಯಬಹುದು. ಮಿಕ್ಕಂತೆ ದಕ್ಷಿಣಕ್ಕೆ ಮುಖ, ಬೆಂಗಳೂರಿನ ಅಕ್ಷಾಂಶದಂತೆ 13 ಡಿಗ್ರಿ ಆಸುಪಾಸಿನ ಇಳಿಜಾರು.

ಕಾಗದ ಪತ್ರದಲ್ಲಿ ಜಾಸ್ತಿ ಕೈಕೊಡೋದು ಒಂದೇ ವಿಷಯ: ಕಾಮನ್ ಮೀಟರ್‌ನ ಆರ್‌ಆರ್ ನಂಬರ್ ಇನ್ನೂ ಬಿಲ್ಡರ್ ಹೆಸರಿನಲ್ಲೇ ಇರೋದು. ಹತ್ತು ವರ್ಷದ ಹಳೆಯ ಕಟ್ಟಡಗಳಲ್ಲೂ ಹೀಗಿರುತ್ತೆ, ಬಿಲ್ ಕಟ್ಟೋರು ನೀವಾದ್ದರಿಂದ ಯಾರೂ ಗಮನಿಸಿರಲ್ಲ. ಸೋಲಾರ್ ಅರ್ಜಿಯೂ ಸಬ್ಸಿಡಿಯೂ ಅಸೋಸಿಯೇಷನ್ ಹೆಸರಲ್ಲಿ ಆಗಬೇಕು, ಹಾಗಾಗಿ ಹೆಸರು ಬದಲಾವಣೆ ಈಗಲೇ ಶುರು ಮಾಡಿ. ಅದಕ್ಕೇ ತಿಂಗಳುಗಟ್ಟಲೆ ಹಿಡಿಯಬಹುದು. ಸೂರ್ಯ ಘರ್ ಯೋಜನೆ ಇರೋದು 2026–27ರವರೆಗೆ, ಆದ್ದರಿಂದ ಇದನ್ನು ಆರಾಮಾಗಿ ಮಾಡೋ ಕೆಲಸ ಅಂದುಕೊಳ್ಳಬೇಡಿ. ನಿಮ್ಮಲ್ಲಿ ಬ್ಲಾಕ್‌ಗೊಂದು ಕಾಮನ್ ಮೀಟರ್ ಇದ್ದರೆ, 3,200 ಯೂನಿಟ್ ಒಂದೇ ಮೀಟರ್‌ನದ್ದಾ ಅಥವಾ ಕೂಡಿಸಿದ್ದಾ ಅನ್ನೋದನ್ನೂ ನೋಡಿ. ಸೋಲಾರ್ ಯೂನಿಟ್ ತಾನು ಸೇರಿರೋ ಮೀಟರ್‌ನ ಬಿಲ್ಲನ್ನಷ್ಟೇ ಇಳಿಸೋದು. ಎಸ್‌ಟಿಪಿ ಮತ್ತು ಪಂಪ್ ಇರೋ ಮೀಟರ್‌ಗೆ ಜೋಡಿಸಿ, ಆ ಮೀಟರ್‌ನ ಬಳಕೆಗೆ ತಕ್ಕ ಹಾಗೆ ಘಟಕದ ಅಳತೆಯನ್ನೂ ಇಳಿಸಿ. ಮಾರಾಟ ಪತ್ರದಲ್ಲಿ ಟೆರೇಸ್ ಹಕ್ಕು ಯಾರಿಗಾದರೂ ಪ್ರತ್ಯೇಕವಾಗಿ ಬರೆದುಕೊಟ್ಟಿದ್ದಾರಾ ಅನ್ನೋದು ಒಮ್ಮೆ ಕಣ್ಣಾಡಿಸಬೇಕಾದ ಇನ್ನೊಂದು ಸಂಗತಿ.

ತೊಳೆಯೋ ವಿಚಾರ ಸಣ್ಣದು ಅನಿಸುತ್ತೆ, ಆದರೆ 1,350 ಯೂನಿಟ್ ಸಿಗೋದು ಬಿಡೋದು ಇದರ ಮೇಲೇ ನಿಂತಿದೆ. ಮಳೆ ಇಲ್ಲದ ತಿಂಗಳುಗಳಲ್ಲಿ ಹದಿನೈದು ದಿನಕ್ಕೊಮ್ಮೆ, ಪ್ಯಾನೆಲ್ ಬಿಸಿಯಾಗುವ ಮುಂಚೆ, ಬೆಳಿಗ್ಗೆಯೇ ತೊಳೆಸಿ. ಬೋರ್‌ವೆಲ್‌ನ ಗಡಸು ನೀರು ಬೇಡ, ಒಣಗಿದ ಮೇಲೆ ಬಿಳಿ ಕಲೆ ಗಾಜಿಗೆ ಅಂಟಿ ಕೂರುತ್ತೆ. ಸಾಫ್ಟ್‌ನರ್ ನೀರೋ, ಸಂಗ್ರಹಿಸಿದ ಮಳೆನೀರೋ ಬಳಸಿ. ನೀರಿನ ನಲ್ಲಿ ಮತ್ತು ಪ್ಯಾನೆಲ್ ಸಾಲುಗಳ ನಡುವೆ ನಡೆಯೋ ದಾರಿಯನ್ನು ಡ್ರಾಯಿಂಗ್‌ನಲ್ಲೇ ತೋರಿಸಿ ಅಂತ ವೆಂಡರ್‌ಗೆ ಹೇಳಿ. ಎತ್ತರದ ಸ್ಟ್ರಕ್ಚರ್ ಹಾಕಿ ಮೇಲೆ ಹತ್ತೋಕೆ ಏಣಿಯೇ ಇಲ್ಲದಿದ್ದರೆ ಹೌಸ್‌ಕೀಪಿಂಗ್‌ನವರು ಹತ್ತಲ್ಲ, ಹತ್ತಿಸೋದು ಸರಿಯೂ ಅಲ್ಲ.

ಕೊನೆಗೆ ಠರಾವು. "ಸೋಲಾರ್ ಹಾಕಲು ಒಪ್ಪಿಗೆ" ಅಂತ ಒಂದೇ ಸಾಲಿನಲ್ಲಿ ಬರೆಸಿದರೆ ಮುಂದೆ ಜಗಳಕ್ಕೆ ದಾರಿ. ಹೀಗೆ ಬರೆಸಿ: ಕಾಮನ್ ಮೀಟರ್‌ಗೆ 20 ಕಿಲೋವ್ಯಾಟ್‌ವರೆಗಿನ ಸೋಲಾರ್ ಘಟಕಕ್ಕೆ ಕಾರ್ಪಸ್ ನಿಧಿಯಿಂದ 12 ಲಕ್ಷ ಮೀರದಂತೆ ಖರ್ಚು ಮಾಡಲು, ಯೋಜನೆಯಲ್ಲಿ ನೋಂದಾಯಿಸಿದ ವೆಂಡರ್‌ಗಳಿಂದ ಕನಿಷ್ಠ ಮೂರು ಕೊಟೇಶನ್ ಪಡೆಯಲು, ಅರ್ಜಿ ಮತ್ತು ಒಪ್ಪಂದಗಳಿಗೆ ಸಹಿ ಮಾಡಲು ಇಂಥವರಿಗೆ ಅಧಿಕಾರ ಕೊಡಲಾಗಿದೆ. ಸಬ್ಸಿಡಿ ಬಂದ ದಿನವೇ ಅದು ಕಾರ್ಪಸ್‌ಗೆ ಜಮಾ ಆಗಬೇಕು ಅನ್ನೋದನ್ನೂ ಸೇರಿಸಿ. ವೆಂಡರ್ ಜೊತೆಗಿನ ಒಪ್ಪಂದದಲ್ಲಿ ಮೊದಲ ವರ್ಷ ಇಷ್ಟು ಯೂನಿಟ್ ಬರಲೇಬೇಕು, ಬರದಿದ್ದರೆ ಕೊರತೆಯ ಯೂನಿಟ್‌ಗೆ ದುಡ್ಡು ಕಟ್ಟಿಕೊಡಬೇಕು ಅಂತ ಬರೆಸಿ, ಮತ್ತು ಕೊನೆಯ ಕಂತನ್ನು ಕನಿಷ್ಠ ಶೇ 10ರಷ್ಟು ನೆಟ್ ಮೀಟರ್ ಕೂತು ಮೊದಲ ಬಿಲ್ ಕೈಗೆ ಬರುವವರೆಗೆ ಹಿಡಿದುಕೊಳ್ಳಿ. ಬೆಸ್ಕಾಂ ಮತ್ತು ವಿದ್ಯುತ್ ಪರಿವೀಕ್ಷಣಾಲಯದ ಒಪ್ಪಿಗೆಗಳಿಗೆ ಓಡಾಡೋದು ಯಾರ ಹೊಣೆ, ಶುಲ್ಕ ಯಾರದು ಅನ್ನೋದೂ ಅದೇ ಒಪ್ಪಂದದಲ್ಲಿರಲಿ. ಮೊದಲ ಬಿಲ್ ಬಂದಾಗ ಇನ್ವರ್ಟರ್ ಆ್ಯಪ್ ತೋರಿಸೋ ಉತ್ಪಾದನೆಯನ್ನೂ, ಬಿಲ್ಲಿನಲ್ಲಿ ಇಳಿದ ಯೂನಿಟ್‌ಗಳನ್ನೂ ಪಕ್ಕಪಕ್ಕ ಇಟ್ಟು ನೋಡಿ. ಸೋಲಾರ್ ಹಾಕೋ ಮುಂಚಿನ ಅದೇ ತಿಂಗಳ ಬಳಕೆಯಿಂದ ಉತ್ಪಾದನೆ ಕಳೆದರೆ ಬಿಲ್ಲಿನ ಯೂನಿಟ್‌ಗೆ ಹತ್ತಿರ ಬರಬೇಕು. ತುಂಬಾ ವ್ಯತ್ಯಾಸ ಕಂಡರೆ ನೆಟ್ ಮೀಟರ್‌ನ ಆಮದು ಮತ್ತು ರಫ್ತು ರೀಡಿಂಗ್ ಎರಡನ್ನೂ ಫೋಟೋ ತೆಗೆದುಕೊಂಡು ಉಪವಿಭಾಗದ ಕಚೇರಿಗೆ ಅದೇ ತಿಂಗಳು ಹೋಗಿ.